ಬಿಳಿ ಇಲಿಗಳು ಬಚ್ಚಿಟ್ಟ ಬಣ್ಣ: 9:3:4 ಅನುಪಾತವನ್ನು ನಾನು ಪರೀಕ್ಷಿಸಿದ ಬಗೆ

ಒಂದು ಜೀನ್ ಇನ್ನೊಂದನ್ನು ಮುಚ್ಚುವ ಎಪಿಸ್ಟಾಸಿಸ್ ಪಾಠದಲ್ಲಿ ಎರಡನೇ ಪೀಳಿಗೆಯ ಅನುಪಾತ 9:3:4 ಬಂದಾಗ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಮೆಂಡೆಲನ 9:3:3:1ರಲ್ಲಿ ಕೊನೆಯ ಎರಡು ಗುಂಪು ಸೇರಿ 4 ಆಗಿದೆ. ಮಾತು ಸರಿ. ಆದರೆ ಆ ನಾಲ್ಕರ ಗುಂಪಿನ ಪ್ರಾಣಿಗಳು ಹೊರಗಿನಿಂದ ಒಂದೇ ತರ ಇದ್ದರೂ ಒಳಗೆ ಬೇರೆ ಬೇರೆ ಅನ್ನೋದನ್ನು ತೋರಿಸುವುದು ಹೇಗೆ? ಪ್ರಯೋಗಾಲಯದ ಇಲಿಗಳಲ್ಲಿ ನಾನು ಇದನ್ನು ಮಾಡಿದ್ದೇನೆ. ಅನುಪಾತ ಬಂತು ಎಂದರೆ ವಿಷಯ ಸಾಬೀತಾಯಿತು ಎಂದಲ್ಲ. ನನ್ನ ಮಟ್ಟಿಗೆ ನಿಜವಾದ ಪುರಾವೆ ಇರುವುದು ಬಿಳಿ ಇಲಿಗಳ ಮುಂದಿನ ಪೀಳಿಗೆಯಲ್ಲಿ.

ಮೊದಲು ಇಲಿಗಳ ಆಯ್ಕೆ. ಒಂದು ಕಡೆ C57BL/6 ತಳಿಯ ಕಪ್ಪು ಇಲಿ, ಇನ್ನೊಂದು ಕಡೆ FVB/N ತಳಿಯ ಬಿಳಿ ಇಲಿ. ಎರಡೂ ಹಲವು ತಲೆಮಾರುಗಳಿಂದ ಒಳಸಂಬಂಧದಲ್ಲೇ ಬೆಳೆಸಿದ ತಳಿಗಳು, ಹಾಗಾಗಿ ಅವುಗಳ ಬಣ್ಣದ ಜೀನ್‌ಗಳು ಏನು ಅನ್ನುವುದು ಮೊದಲೇ ಗೊತ್ತು. ಕಪ್ಪು ಇಲಿ aaCC. ಬಿಳಿ ಇಲಿ AAcc. ಇವೆರಡನ್ನು ಕೂಡಿಸಿದರೆ ಹುಟ್ಟುವ ಮರಿಗಳು ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ಎಲ್ಲವೂ ಹೊಲದ ಇಲಿಯ ಹಾಗೆ ಬೂದುಗಂದು. ಈ ಬಣ್ಣಕ್ಕೆ ಅಗೂಟಿ ಎನ್ನುತ್ತಾರೆ. ಬಿಳಿ ಇಲಿ ಬಚ್ಚಿಟ್ಟುಕೊಂಡಿದ್ದ A ಇಲ್ಲಿ ಮೊದಲ ಸಲ ಹೊರಗೆ ಬರುತ್ತದೆ.

ಇದು ಹೇಗೆ ಅಂದರೆ, ಎರಡು ಜೀನ್‌ಗಳ ಕೆಲಸ ಬೇರೆ ಬೇರೆ. C ಜೀನ್ ಟೈರೋಸಿನೇಸ್ ಅನ್ನುವ ಕಿಣ್ವವನ್ನು ಮಾಡುತ್ತದೆ. ಆ ಕಿಣ್ವ ಇಲ್ಲದಿದ್ದರೆ ಕೂದಲಲ್ಲೂ ಇಲ್ಲ, ಚರ್ಮದಲ್ಲೂ ಇಲ್ಲ, ಕಣ್ಣಲ್ಲೂ ಇಲ್ಲ, ಎಲ್ಲೂ ಬಣ್ಣ ತಯಾರಾಗುವುದಿಲ್ಲ. A ಜೀನ್ ಬಣ್ಣ ಮಾಡುವುದಿಲ್ಲ. ಕೂದಲು ಬೆಳೆಯುವಾಗ ಸ್ವಲ್ಪ ಹೊತ್ತು ಮಾತ್ರ ಒಂದು ಪ್ರೋಟೀನ್ ಬಿಟ್ಟು, ಕಪ್ಪು ಬಣ್ಣದ ಬದಲು ಹಳದಿ ಬಣ್ಣ ಮಾಡುವಂತೆ ಜೀವಕೋಶಕ್ಕೆ ಹೇಳುತ್ತದೆ. ಅದಕ್ಕೇ ಅಗೂಟಿ ಇಲಿಯ ಒಂದೊಂದು ಕೂದಲಿನ ತುದಿಯ ಕೆಳಗೆ ಹಳದಿ ಪಟ್ಟಿ ಇರುತ್ತದೆ. ಬಣ್ಣವೇ ತಯಾರಾಗದ ಕಡೆ ಯಾವ ಬಣ್ಣ ಎಂದು ಹೇಳುವವರು ಇದ್ದೂ ಏನು ಪ್ರಯೋಜನ? cc ಬಂದ ಕೂಡಲೇ A ಇದೆಯೋ a ಇದೆಯೋ ನಮಗೆ ಕಾಣುವುದಿಲ್ಲ. ಒಂದು ಜೀನ್ ಇನ್ನೊಂದರ ಪರಿಣಾಮವನ್ನು ಹೀಗೆ ಮುಚ್ಚುವುದೇ ಎಪಿಸ್ಟಾಸಿಸ್.

ಈಗ ಆ ಅಗೂಟಿ ಮರಿಗಳನ್ನು (AaCc) ತಮ್ಮತಮ್ಮಲ್ಲೇ ಕೂಡಿಸಬೇಕು. ಹದಿನಾರು ಮನೆಯ ಪನೆಟ್ ಚೌಕ ನಾನು ಬರೆಯುವುದಿಲ್ಲ, ಬರೆಸುವುದೂ ಇಲ್ಲ. ಮೊದಲು C ಕೇಳಿ: ಬಣ್ಣ ಇದೆಯಾ? 3/4 ಮರಿಗಳಲ್ಲಿ ಇದೆ, 1/4ರಲ್ಲಿ ಇಲ್ಲ. ಬಣ್ಣ ಇರುವವನ್ನು ಮಾತ್ರ A ಬಗ್ಗೆ ಕೇಳಿ.

```
ಅಗೂಟಿ : 3/4 × 3/4 = 9/16
ಕಪ್ಪು  : 3/4 × 1/4 = 3/16
ಬಿಳಿ   : 1/4        = 4/16
```

ಹೀಗೆ ಮಾಡಿದರೆ 4 ಎಲ್ಲಿಂದ ಬಂತು ಅನ್ನುವುದು ಕಣ್ಣೆದುರಿಗೇ ಇರುತ್ತದೆ. ಬಿಳಿಯ ಸಾಲಿನಲ್ಲಿ ಎರಡನೇ ಪ್ರಶ್ನೆಯನ್ನು ನಾವು ಕೇಳಿಯೇ ಇಲ್ಲ.

ಮರಿಗಳನ್ನು ಎಣಿಸುವುದಕ್ಕೂ ಒಂದು ಕ್ರಮ ಇದೆ. ಹುಟ್ಟಿದಾಗ ಇಲಿಮರಿಗೆ ಕೂದಲಿಲ್ಲ, ಮೈಯೆಲ್ಲ ಗುಲಾಬಿ. ಆದರೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಕಪ್ಪು ಚುಕ್ಕೆಯಾಗಿ ಕಂಡರೆ ಅದು ಬಣ್ಣದ ಮರಿ. ಕಾಣದಿದ್ದರೆ ಬಿಳಿ. ಹಾಗಾಗಿ ಬಿಳಿ ಯಾವುದು, ಬಣ್ಣದ್ದು ಯಾವುದು ಅನ್ನುವುದನ್ನು ನಾನು ಹುಟ್ಟಿದ ಹೊಸತರಲ್ಲೇ ಬರೆದುಕೊಳ್ಳುತ್ತಿದ್ದೆ. ಅಗೂಟಿ ಮತ್ತು ಕಪ್ಪನ್ನು ಬೇರೆ ಮಾಡಲು ಮಾತ್ರ ಕೂದಲು ಚೆನ್ನಾಗಿ ಬರುವವರೆಗೆ ಕಾಯಬೇಕು. ಆಗಲೂ ದೂರದಿಂದ ನೋಡಿ ನಿರ್ಧರಿಸಬಾರದು. ಬೆನ್ನಿನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ, ಹಳದಿ ಪಟ್ಟಿ ಇದೆಯಾ ಎಂದು ಬೆಳಕಿನಲ್ಲಿ ನೋಡಬೇಕು. ಎಲ್ಲ ಎಣಿಕೆಯನ್ನೂ ಹಾಲು ಬಿಡಿಸುವ ಮೂರನೇ ವಾರಕ್ಕೆ ಇಟ್ಟುಕೊಂಡರೆ, ನಡುವೆ ಸತ್ತ ಮರಿಗಳು ಯಾವ ಬಣ್ಣದವು ಎಂದು ತಿಳಿಯುವುದೇ ಇಲ್ಲ.

ಎಣಿಸಿ ಆಯಿತು ಅನ್ನೋಣ. 144 ಮರಿಗಳಲ್ಲಿ 84 ಅಗೂಟಿ, 26 ಕಪ್ಪು, 34 ಬಿಳಿ ಬಂದವು ಎಂದಿಟ್ಟುಕೊಳ್ಳಿ. 9:3:4ರ ಪ್ರಕಾರ 81, 27, 36 ಬರಬೇಕಿತ್ತು. ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಇದೆ ಎಂದು ಅಳೆಯುವ ಕೈ-ಸ್ಕ್ವೇರ್ ಲೆಕ್ಕ ಹಾಕಿದರೆ 0.26. ಮೂರು ಗುಂಪು ಇರುವಾಗ 5.99 ದಾಟಿದರೆ ಮಾತ್ರ ಅನುಪಾತವನ್ನು ತಳ್ಳಿಹಾಕುತ್ತೇವೆ. ಅಂದರೆ ಬಹಳ ಚೆನ್ನಾಗಿ ಹೊಂದುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ.

ನಿಲ್ಲಿಸಬಾರದು. ಇದೇ ಎಣಿಕೆಯನ್ನು 2:1:1ಕ್ಕೆ ಹೋಲಿಸಿ ನೋಡಿ. ಆಗ 72, 36, 36 ಬರಬೇಕು. ಕೈ-ಸ್ಕ್ವೇರ್ ಸುಮಾರು 4.9. ಇದೂ 5.99 ದಾಟಲಿಲ್ಲ! ಒಂದೇ ಎಣಿಕೆ ಎರಡು ಅನುಪಾತಗಳಿಗೂ ಒಪ್ಪುತ್ತಿದೆ. ಇವೆರಡನ್ನು ನೂರಕ್ಕೆ ಎಂಬತ್ತರಷ್ಟು ಭರವಸೆಯಿಂದ ಬೇರೆ ಮಾಡಲು ಸುಮಾರು 400 ಮರಿಗಳು ಬೇಕು.

2:1:1 ಅನ್ನೋದು ನಾನು ಸುಮ್ನೆ ತಂದ ಸಂಖ್ಯೆ ಅಲ್ಲ. ಇಲಿಗಳಲ್ಲಿ ಗುಲಾಬಿ ಕಣ್ಣು ಮತ್ತು ತೆಳು ಬಣ್ಣ ಕೊಡುವ p ಎಂಬ ಇನ್ನೊಂದು ಜೀನ್ ಇದೆ. ಅದು C ಇರುವ ಏಳನೇ ಕ್ರೋಮೋಸೋಮ್‌ನಲ್ಲೇ, ಅದರ ಹತ್ತಿರವೇ ಇದೆ. ಇವೆರಡೂ ಒಟ್ಟಿಗೆ ಸಾಗುತ್ತವೆ ಎಂದು ಹಾಲ್ಡೇನ್ ಮತ್ತು ಸಂಗಡಿಗರು 1915ರಲ್ಲೇ ಪ್ರಕಟಿಸಿದ್ದರು. CCpp ಇಲಿಯನ್ನು ccPP ಬಿಳಿ ಇಲಿಯ ಜೊತೆ ಕೂಡಿಸಿ ಎರಡನೇ ಪೀಳಿಗೆ ತೆಗೆದರೆ, ಅಲ್ಲೂ cc ಬಂದಾಗ p ಮುಚ್ಚಿಹೋಗುತ್ತದೆ. ಎಪಿಸ್ಟಾಸಿಸ್ ಇದೆ, ಮೂರೇ ಗುಂಪು ಕಾಣುತ್ತವೆ, ಆದರೆ ಅನುಪಾತ 2:1:1ರ ಹತ್ತಿರ. 9:3:4 ಬರಬೇಕಾದರೆ ಜೀನ್‌ಗಳು ಸ್ವತಂತ್ರವಾಗಿ ಹಂಚಿಹೋಗಬೇಕು. A ಇರುವುದು ಎರಡನೇ ಕ್ರೋಮೋಸೋಮ್‌ನಲ್ಲಿ, C ಏಳನೆಯದರಲ್ಲಿ. ಆದ್ದರಿಂದ ನಮ್ಮ ಜೋಡಿಗೆ ತೊಂದರೆ ಇಲ್ಲ.

ನಾಲ್ಕು ನೂರು ಮರಿ ಬೆಳೆಸುವುದಕ್ಕೆ ಪಂಜರಗಳೂ ಇಲ್ಲ, ಪ್ರಾಣಿ ನೈತಿಕತಾ ಸಮಿತಿಗೆ ಕೊಡಲು ಸಮರ್ಥನೆಯೂ ಇಲ್ಲ. ಅಷ್ಟು ಬೇಕಾಗಿಯೂ ಇಲ್ಲ. ಬಿಳಿ ಇಲಿಗಳನ್ನೇ ಕೇಳಬಹುದು ಅಲ್ವಾ?

ಎರಡನೇ ಪೀಳಿಗೆಯ ಬಿಳಿ ಇಲಿಗಳು ದೊಡ್ಡವಾದ ಮೇಲೆ ಒಂದೊಂದನ್ನೂ ಶುದ್ಧ C57BL/6 ಕಪ್ಪು ಇಲಿಯ ಜೊತೆ ಬಿಟ್ಟೆ. ಕಪ್ಪು ಇಲಿ aaCC. ಅದರಿಂದ ಪ್ರತಿ ಮರಿಗೂ ಒಂದು C ಸಿಕ್ಕೇ ಸಿಗುತ್ತದೆ, ಹಾಗಾಗಿ ಒಂದು ಮರಿಯೂ ಬಿಳಿಯಾಗುವುದಿಲ್ಲ. ಜೊತೆಗೆ ಅದು ಕೊಡುವುದು ಬರೀ a. ಆದ್ದರಿಂದ ಬಿಳಿ ಇಲಿ ಕೊಟ್ಟದ್ದು A ಆದರೆ ಮರಿ ಅಗೂಟಿ, a ಆದರೆ ಕಪ್ಪು. ತಂದೆಯೋ ತಾಯಿಯೋ ಬಚ್ಚಿಟ್ಟದ್ದು ಮರಿಯ ಮೈಮೇಲೆ ನೇರವಾಗಿ ಕಾಣುತ್ತದೆ. AAcc ಬಿಳಿಯ ಮರಿಗಳೆಲ್ಲ ಅಗೂಟಿ. aacc ಬಿಳಿಯ ಮರಿಗಳೆಲ್ಲ ಕಪ್ಪು. Aacc ಬಿಳಿಗೆ ಎರಡೂ ಬಗೆಯವು, ಸುಮಾರು ಅರ್ಧರ್ಧ.

ಒಂದು ಗೂಡಿನಲ್ಲಿ ಒಂದು ಅಗೂಟಿ, ಒಂದು ಕಪ್ಪು ಕಂಡರೆ ಸಾಕು, ಆ ಬಿಳಿ ಇಲಿ Aa ಎಂದು ತೀರ್ಮಾನ ಆಯಿತು. ಎಲ್ಲ ಮರಿಗಳೂ ಒಂದೇ ಬಣ್ಣ ಬಂದಾಗ ಮಾತ್ರ ಸ್ವಲ್ಪ ಯೋಚಿಸಬೇಕು. Aa ಇಲಿಗೂ ಆಕಸ್ಮಿಕವಾಗಿ ಏಳಕ್ಕೆ ಏಳೂ ಅಗೂಟಿ ಮರಿಗಳೇ ಹುಟ್ಟಬಹುದು. ಅದರ ಸಾಧ್ಯತೆ 128ರಲ್ಲಿ 1. ಮರಿ ಮೂರೇ ಆದರೆ 8ರಲ್ಲಿ 1, ಅದನ್ನು ನಂಬುವ ಹಾಗಿಲ್ಲ. ಅಂಥ ಸಣ್ಣ ಗೂಡು ಬಂದಾಗ ಎರಡನೇ ಬಾಣಂತನಕ್ಕೂ ಕಾಯುತ್ತಿದ್ದೆ.

ನನ್ನ ಬಿಳಿ ಇಲಿಗಳಲ್ಲಿ ಮೂರು ಬಗೆಯವೂ ಸಿಕ್ಕವು. ಎರಡು ಬಣ್ಣದ ಮರಿ ಕೊಟ್ಟವೇ ಜಾಸ್ತಿ. ಸಿದ್ಧಾಂತ ಹೇಳುವುದೂ ಅದನ್ನೇ: ನಾಲ್ಕು ಬಿಳಿಗಳಲ್ಲಿ ಒಂದು AA, ಎರಡು Aa, ಒಂದು aa. ಒಟ್ಟಿಗೆ ಸಾಗುವ c ಮತ್ತು p ಜೋಡಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಬಿಳಿಗಳಲ್ಲಿ ಹೆಚ್ಚಿನವು PP ಆಗಿಯೇ ಉಳಿಯುತ್ತವೆ. ನೂರಾರು ಮರಿಗಳನ್ನು ಎಣಿಸಿದರೂ ಅಸ್ಪಷ್ಟವಾಗಿಯೇ ಉಳಿಯುವ ವ್ಯತ್ಯಾಸವನ್ನು ಕೆಲವೇ ಬಿಳಿ ಇಲಿಗಳ ಮರಿಗಳು ಹೇಳಿಬಿಡುತ್ತವೆ.

ತಳಿಯ ಬಗ್ಗೆ ಒಂದು ಎಚ್ಚರಿಕೆ. ಬಿಳಿ ಇಲಿ ಬೇಕು ಎಂದು ಕೈಗೆ ಸಿಕ್ಕಿದ BALB/c ತೆಗೆದುಕೊಳ್ಳಬೇಡಿ. ಅದೂ ಬಿಳಿಯೇ, ಅದರ ಮೊದಲ ಪೀಳಿಗೆಯೂ ಅಗೂಟಿಯೇ. ಆದರೆ ಅದು AAbbcc, ಕಪ್ಪನ್ನು ಕಂದು ಮಾಡುವ b ಕೂಡ ಅದರಲ್ಲಿದೆ. ಎರಡನೇ ಪೀಳಿಗೆಯಲ್ಲಿ ಐದು ಬಗೆ ಬರುತ್ತವೆ: 27 ಅಗೂಟಿ, 9 ದಾಲ್ಚಿನ್ನಿ ಬಣ್ಣದವು, 9 ಕಪ್ಪು, 3 ಕಂದು, 16 ಬಿಳಿ. ದಾಲ್ಚಿನ್ನಿ ಬಣ್ಣವನ್ನು ಅಗೂಟಿಯೆಂದೂ ಕಂದನ್ನು ಕಪ್ಪೆಂದೂ ಅವಸರದಲ್ಲಿ ಸೇರಿಸಿ ಬರೆದರೆ 36:12:16, ಅಂದರೆ ಮತ್ತೆ ಅದೇ 9:3:4! ಮೂರು ಜೀನ್‌ಗಳ ಆಟ ಎರಡರದ್ದರಂತೆ ಕಾಣುತ್ತದೆ, ಲೆಕ್ಕದಲ್ಲಿ ಯಾವ ಸುಳಿವೂ ಸಿಗುವುದಿಲ್ಲ. ಕಣ್ಣು ಸೂಕ್ಷ್ಮವಾಗಿದ್ದರೆ ಮಾತ್ರ ಸಿಗುತ್ತದೆ.

ಇಲಿ ಸಾಕಲು ಆಗದವರು ಲ್ಯಾಬ್ರಡಾರ್ ನಾಯಿಗಳನ್ನು ನೋಡಬಹುದು. B ಇದ್ದರೆ ಕಪ್ಪು, bb ಆದರೆ ಚಾಕೊಲೇಟ್, ee ಬಂದರೆ ಎರಡೂ ಮುಚ್ಚಿ ಹಳದಿ. BbEe ಕಪ್ಪು ನಾಯಿಗಳ ಜೋಡಿಗಳಿಂದ ಬಹಳ ಮರಿ ಎಣಿಸಿದರೆ 9 ಕಪ್ಪು, 3 ಚಾಕೊಲೇಟ್, 4 ಹಳದಿ. ಆದರೆ ಇಲ್ಲಿ ಮುಚ್ಚುವಿಕೆ ಅಷ್ಟು ಪೂರ್ತಿಯಲ್ಲ. ee ಇದ್ದಾಗ ಕೂದಲಿಗೆ ಮಾತ್ರ ಕಪ್ಪು ವರ್ಣದ್ರವ್ಯ ಹೋಗುವುದಿಲ್ಲ. ಮೂಗು, ತುಟಿ, ಕಣ್ಣಿನ ಅಂಚಿನ ಚರ್ಮಕ್ಕೆ ಹೋಗುತ್ತದೆ. ಆದ್ದರಿಂದ ಹಳದಿ ನಾಯಿಯ ಕಣ್ಣಿನ ಅಂಚು ಕಪ್ಪಾಗಿದ್ದರೆ ಅದರಲ್ಲಿ B ಇದೆ, ಕಂದಾಗಿದ್ದರೆ ಅದು bbee. ಕೆಲವು ಹಳದಿ ನಾಯಿಗಳ ಮೂಗು ಚಳಿಗಾಲದಲ್ಲಿ ಮಾಸುತ್ತದೆ, ಅದಕ್ಕೇ ಮೂಗೊಂದನ್ನೇ ನೋಡಿ ಹೇಳಬಾರದು. ಹೀಗೆ ಚರ್ಮವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಹಳದಿಯ 4 ಒಡೆದು 3 ಮತ್ತು 1 ಆಗುತ್ತದೆ, ಮೆಂಡೆಲನ 9:3:3:1 ವಾಪಸ್ ಬರುತ್ತದೆ. ಬಿಳಿ ಇಲಿಗಳನ್ನು ಕಪ್ಪು ಇಲಿಯ ಜೊತೆ ಬಿಟ್ಟ ಹಾಗೆ ಟೆಸ್ಟ್ ಕ್ರಾಸ್ ಮಾಡಲೇಬೇಕು ಎಂದಿಲ್ಲ. ಬಿಳಿ ಇಲಿಯಲ್ಲಿ ಮಾತ್ರ ಈ ಅನುಕೂಲ ಇಲ್ಲ, ಏಕೆಂದರೆ ಟೈರೋಸಿನೇಸ್ ಇಲ್ಲದೆ ಅದರ ಮೈಯ ಯಾವ ಭಾಗದಲ್ಲೂ ಬಣ್ಣ ಬರುವುದಿಲ್ಲ.