ತೊಟ್ಟಿನ ಬುಡ ಇಲ್ಲದ ಫೋಟೋ

ಆಷಾಢ ಶುರುವಾಗಿ ನಾಲ್ಕು ದಿನ ಆಗಿತ್ತು. ಕಾರವಾರದಿಂದ ಅಕ್ಕನ ಮಗಳು ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಮೊರದ ತುಂಬ ಎಳೆ ಸೊಪ್ಪು. "ಚಿಕ್ಕಮ್ಮ, ಇದು ಚಗಟೆ ಹೌದಲ್ಲ? ಹಲಸಿನ ಬೇಳೆ ಬೇಯಲಿಕ್ಕೆ ಇಟ್ಟಾಗಿದೆ."

ನಾನು ಶಿರಸಿಯಲ್ಲಿ ಕೂತು ಒಂದೇ ನೋಟಕ್ಕೆ "ಹೌದು" ಅಂತ ಬರೆದುಬಿಟ್ಟೆ. ಮಳೆ ಬಿದ್ದ ಕೂಡಲೇ ರಸ್ತೆ ಬದಿ ಮೇಲೇಳುವ ಸೊಪ್ಪು, ಅಲ್ಲಿನ ಕೊಂಕಣಿಯವರ ತಾಯ್ಕಿಳೊ, ಮೂವತ್ತು ವರ್ಷದಿಂದ ಕೊಯ್ಯುತ್ತಿದ್ದೇನೆ ಎಂಬ ಧೈರ್ಯ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದಾಗ ಮೊರದ ಎಡಗಡೆ ಒಂದಷ್ಟು ಎಲೆಗಳ ತುದಿ ಚೂಪಾಗಿ ಕಂಡವು. ಚಗಟೆಗೆ ಚೂಪು ತುದಿ ಇಲ್ಲ. "ಒಲೆಗೆ ಹಾಕಬೇಡ, ತಡಿ" ಎಂದು ಫೋನ್ ಮಾಡಿದೆ.

ಚಗಟೆಯ ಪಕ್ಕದಲ್ಲೇ, ಅದೇ ಬಗೆಯ ಮಣ್ಣಲ್ಲಿ ಬೆಳೆಯುವ ದಾಯಾದಿ ದೊಡ್ಡ ತಗಚೆ. ಶಾಸ್ತ್ರೀಯವಾಗಿ ಚಗಟೆ ಸೆನ್ನಾ ಟೋರಾ, ಇದು ಸೆನ್ನಾ ಆಕ್ಸಿಡೆಂಟಾಲಿಸ್. ಪಶ್ಚಿಮ ಉತ್ತರ ಪ್ರದೇಶದಲ್ಲಿ ಚಳಿಗಾಲದ ಹೊತ್ತಿಗೆ ಮಕ್ಕಳು ಸಾಯುತ್ತಿದ್ದುದಕ್ಕೆ ಇದರ ಬೀಜ ತಿಂದದ್ದೇ ಕಾರಣ ಎಂದು ವೈದ್ಯರು 2007ರ ಹೊತ್ತಿಗೆ ಗುರುತಿಸಿದರು. ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಪೆಟ್ಟು. ವಿಷ ಹೆಚ್ಚಾಗಿ ಬೀಜದಲ್ಲಿ, ನಿಜ. ಆದರೆ ಎಲೆಯನ್ನು ಪಲ್ಯ ಮಾಡಿ ಪರೀಕ್ಷೆ ಮಾಡುವ ಉತ್ಸಾಹ ನನಗಿಲ್ಲ.

ವಾಸನೆ ನಂಬಬೇಡಿ. ಹಿಚುಕಿದರೆ ಎರಡೂ ನಾರುತ್ತವೆ, ಫೋಟೋದಲ್ಲಂತೂ ಆ ಮಾತೇ ಇಲ್ಲ. ನರಗಳ ಎಣಿಕೆಯೂ ಕೆಲಸಕ್ಕೆ ಬಾರದು: ನಡುನರದಿಂದ ಎರಡೂ ಬದಿಗೆ ಗರಿಯ ಹಾಗೆ ಕವಲೊಡೆಯುವುದು ಎರಡರಲ್ಲೂ ಒಂದೇ. ನಾನು ನಡುನರವನ್ನು ಅಳತೆಕೋಲಿನ ಹಾಗೆ ಬಳಸುತ್ತೇನೆ. ಫೋಟೋದಲ್ಲಿ ಒಂದು ಕಿರುಎಲೆ ಹಿಡಿದು, ಬುಡದಿಂದ ತುದಿಯವರೆಗಿನ ನಡುನರದ ಅರ್ಧ ಎಲ್ಲಿ ಬರುತ್ತದೆ ಎಂದು ಗುರುತು ಮಾಡಿಕೊಳ್ಳುವುದು. ಎಲೆಯ ಅತಿ ಅಗಲದ ಜಾಗ ಆ ಗುರುತಿನಿಂದ ಮೇಲೆ, ತುದಿಯ ಕಡೆ ಇದ್ದರೆ ಚಗಟೆ. ತುದಿ ದುಂಡಗಿದ್ದು ನಡುನರ ಅಲ್ಲಿ ಸಣ್ಣ ಮೊನೆಯಾಗಿ ನಿಲ್ಲುತ್ತದೆ. ಅಗಲದ ಜಾಗ ಗುರುತಿನಿಂದ ಕೆಳಗಿದ್ದು, ಅಲ್ಲಿಂದ ಎಲೆ ಕಿರಿದಾಗುತ್ತಾ ಚೂಪು ತುದಿಗೆ ಹೋದರೆ ದೊಡ್ಡ ತಗಚೆ.

ಇನ್ನು ಜೋಡಿ ಲೆಕ್ಕ. ಚಗಟೆಯ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಮೂರು ಜೋಡಿ ಕಿರುಎಲೆ, ದೊಡ್ಡ ತಗಚೆಯದರಲ್ಲಿ ನಾಲ್ಕರಿಂದ ಆರು. ಆದರೆ ಎಳೆ ಗಿಡದ ಮೊದಮೊದಲ ಎಲೆಗಳಲ್ಲಿ ಜೋಡಿ ಕಡಿಮೆ ಇರಬಹುದು, ನಾವು ಕೊಯ್ಯುವುದು ಅಂಥ ಎಳೆಯದನ್ನೇ. ಹಾಗಾಗಿ ಕೊನೆಯ ಮಾತು ಗ್ರಂಥಿಯದು. ಚಗಟೆಯಲ್ಲಿ ಕೆಳಗಿನ ಜೋಡಿ ಕಿರುಎಲೆಗಳ ನಡುವೆ, ಒಂದೆರಡು ಮಿಲಿಮೀಟರಿನ ಹಳದಿ-ಕಿತ್ತಳೆ ಕಡ್ಡಿಯಂಥದ್ದು ನೆಟ್ಟಗೆ ನಿಂತಿರುತ್ತದೆ. ದೊಡ್ಡ ತಗಚೆಯಲ್ಲಿ ಕಿರುಎಲೆಗಳ ನಡುವೆ ಏನೂ ಇಲ್ಲ. ತೊಟ್ಟು ಕಾಂಡಕ್ಕೆ ಸೇರುವ ಜಾಗದ ಹತ್ತಿರ ಕಪ್ಪು ಗುಳ್ಳೆಯಂಥ ಗ್ರಂಥಿ ಕೂತಿರುತ್ತದೆ.

ತೊಂದರೆ ಬಂದದ್ದು ಇಲ್ಲೇ. ಕುಡಿ ಚಿವುಟಿ ಕೊಯ್ದರೆ ತೊಟ್ಟಿನ ಬುಡ ಗಿಡದಲ್ಲೇ ಉಳಿಯುತ್ತದೆ. "ಕೂಸೆ, ಬುಡ ಎಲ್ಲಿ?" ಎಂದೆ. ಪಾಪ, ಛತ್ರಿ ಹಿಡಿದು ಮತ್ತೆ ಕಂಪೌಂಡಿನ ಹೊರಗೆ ಹೋಗಿ, ಎಡಗಡೆಯ ಸೊಪ್ಪು ಕೊಯ್ದ ಜಾಗದಿಂದ ಕಾಂಡದ ತುಂಡು ಸಮೇತ ಎಲೆ ತಂದಳು. ಗೆರೆ ಇರುವ ನೋಟ್‌ಬುಕ್ಕಿನ ಹಾಳೆ ಮೇಲೆ, ನೀರು ಒರೆಸಿ, ಮಗುಚಿ ಒಮ್ಮೆ, ನೆಟ್ಟಗೆ ಒಮ್ಮೆ ಇಟ್ಟು ತೆಗೆ ಎಂದೆ. ಸ್ಟೀಲ್ ತಟ್ಟೆ ಬೇಡ, ಹೊಳಪಿಗೆ ಗ್ರಂಥಿ ಮುಚ್ಚಿಹೋಗುತ್ತದೆ. ಫೋಟೋ ಆಗಿ ಕಳಿಸಿದರೆ ವಾಟ್ಸಾಪು ಚಿತ್ರ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದಳು. ಸಂಜೆ ಆಗುವ ಮೊದಲೇ ತೆಗೆಯಬೇಕು, ಕತ್ತಲಾದರೆ ಎರಡೂ ಗಿಡದ ಎಲೆ ಜೋಡಿಸಿಕೊಂಡು ಮಲಗುತ್ತವೆ, ಆಕಾರ ತಿಳಿಯುವುದಿಲ್ಲ.

ಎರಡನೇ ಫೋಟೋದಲ್ಲಿ ಸಂಶಯ ಉಳಿಯಲಿಲ್ಲ: ಐದು ಜೋಡಿ, ಚೂಪು ತುದಿ, ತೊಟ್ಟಿನ ಬುಡದಲ್ಲಿ ಕಪ್ಪು ಗುಳ್ಳೆ. ಬಲಗಡೆಯವು ಬಹುತೇಕ ಚಗಟೆಯೇ, ಕಿತ್ತಳೆ ಕಡ್ಡಿ ನಿಚ್ಚಳವಾಗಿತ್ತು.

"ಹಾಗಾದರೆ ಚೂಪಿನದು ಆರಿಸಿ ಬಿಸಾಡಿ ಉಳಿದದ್ದು ಮಾಡಲಾ?" ಕೇಳಿದಳು.

ಮೊರದಲ್ಲಿ ಚೂರಾದ ಕುಡಿಗಳು, ಬಿಡಿ ಕಿರುಎಲೆಗಳು ತುಂಬಾ ಇದ್ದವು. ಅವಕ್ಕೆ ಬುಡವೂ ಇಲ್ಲ, ಜೋಡಿಯೂ ಇಲ್ಲ. ಅಷ್ಟೂ ಸೊಪ್ಪು ತೆಂಗಿನ ಬುಡಕ್ಕೆ ಹೋಯಿತು. ಬೆಂದ ಹಲಸಿನ ಬೇಳೆಗೆ ಹಿತ್ತಲ ಬಸಳೆ ಸೇರಿತು.