ಬಿಕಾಂ ಮುಗಿಯುವ ಮೊದಲೇ ಮ್ಯೂಚುವಲ್ ಫಂಡ್ ಸರ್ಟಿಫಿಕೇಟ್: ಹೀಗೆ ಮಾಡಿ

ಕಲಬುರಗಿ, ಬೀದರ್, ಯಾದಗಿರಿಯ ಡಿಗ್ರಿ ಕಾಲೇಜುಗಳಿಗೆ ಕ್ಯಾಂಪಸ್‌ಗೆಂದು ಬರುವವರಲ್ಲಿ ಖಾಸಗಿ ಬ್ಯಾಂಕ್, ವಿಮೆ ಮತ್ತು ಫೈನಾನ್ಸ್ ಕಂಪನಿಗಳವರೂ ಇರುತ್ತಾರೆ. ಅವರ ಮುಂದೆ ಕೂರುವ ಬಿಕಾಂ, ಬಿಬಿಎ ವಿದ್ಯಾರ್ಥಿಗಳ ರೆಸ್ಯೂಮೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಟ್ಯಾಲಿ ಕಲಿತಿದ್ದೇನೆ, ಎಂಎಸ್ ಆಫೀಸ್ ಬರುತ್ತದೆ, ಎರಡು ದಿನದ ವರ್ಕ್‌ಶಾಪ್‌ನ ಸರ್ಟಿಫಿಕೇಟ್ ಇದೆ. ಇವು ಬೇಡ ಅಂತ ಅಲ್ಲ. ಆದರೆ ಬ್ಯಾಂಕಿನ ಮಾರಾಟ ವಿಭಾಗದ ಮಟ್ಟಿಗೆ ಇವೆಲ್ಲಕ್ಕಿಂತ ಜಾಸ್ತಿ ತೂಕ ಇರುವ ಒಂದು ಪರೀಕ್ಷೆ ಇದೆ. ಅದಕ್ಕೆ ಡಿಗ್ರಿ ಮುಗಿಯುವ ತನಕ ಕಾಯಬೇಕಿಲ್ಲ. ಅದೇ ಎನ್‌ಐಎಸ್‌ಎಂ ನಡೆಸುವ ಮ್ಯೂಚುವಲ್ ಫಂಡ್ ವಿತರಕರ ಪರೀಕ್ಷೆ. ವೆಬ್‌ಸೈಟಿನಲ್ಲಿ ಇದರ ಹೆಸರು `NISM-Series-V-A: Mutual Fund Distributors` ಅಂತ ಇರುತ್ತದೆ.

ಎನ್‌ಐಎಸ್‌ಎಂ ಅಂದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2006ರಲ್ಲಿ ಕಟ್ಟಿದ ಸಂಸ್ಥೆ. ಇದರ ಸರ್ಟಿಫಿಕೇಟಿಗೆ ಬೆಲೆ ಯಾಕೆ ಅಂತ ಮೊದಲು ತಿಳಿದುಕೊಳ್ಳಿ. ಬ್ಯಾಂಕಿನ ಸಿಬ್ಬಂದಿ ಗ್ರಾಹಕರಿಗೆ ಮ್ಯೂಚುವಲ್ ಫಂಡ್ ಮಾರಬೇಕಾದರೆ ಈ ಪರೀಕ್ಷೆ ಪಾಸಾಗಿರಲೇಬೇಕು. ಪಾಸಾದ ಮೇಲೆ ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯಿಂದ ಇಯುಐಎನ್ ಅನ್ನುವ ಸಂಖ್ಯೆ ಸಿಗುತ್ತದೆ. ಗ್ರಾಹಕರ ಅರ್ಜಿಯಲ್ಲಿ ಆ ಸಂಖ್ಯೆ ಬರೆದಾಗಲೇ ಮಾರಿದವರು ಯಾರು ಅನ್ನುವುದು ದಾಖಲಾಗುತ್ತದೆ. ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ ಈ ಪರೀಕ್ಷೆ ಪಾಸಾಗಿಲ್ಲ ಅಂದರೆ ಬ್ಯಾಂಕೇ ಬರೆಸಬೇಕು, ಪಾಸಾಗುವ ತನಕ ಕಾಯಬೇಕು. ನೀವು ಪಾಸಾಗಿಯೇ ಹೋದರೆ ಆ ಕಾಯುವ ಕೆಲಸ ತಪ್ಪುತ್ತದೆ. ಆಯ್ಕೆ ಮಾಡುವವರು ನೋಡುವುದು ಇದನ್ನೇ.

ಮೊದಲು ಪ್ಯಾನ್ ಕಾರ್ಡ್ ನೋಡಿ

ಓದಲು ಶುರು ಮಾಡುವ ಮುಂಚೆ ಈ ಕೆಲಸ ಮುಗಿಸಿ. ನೋಂದಣಿಗೆ ಪ್ಯಾನ್ ಬೇಕೇ ಬೇಕು. ನಮ್ಮ ಕಡೆಯ ಮಕ್ಕಳಿಗೆ ತೊಡಕಾಗುವುದು ಹೆಚ್ಚಾಗಿ ಇಲ್ಲೇ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಇನಿಶಿಯಲ್ ಇರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರೂ ಸೇರಿರುತ್ತದೆ. ಪ್ಯಾನ್‌ನಲ್ಲಿ ಇನಿಶಿಯಲ್ ಬಿಡಿಸಿ ಪೂರ್ತಿ ಹೆಸರು ಬರೆಯಬೇಕು ಅನ್ನುವ ನಿಯಮ ಇದೆ. ಕೊನೆಗೆ ಒಬ್ಬರಿಗೇ ಮೂರು ಕಾಗದದಲ್ಲಿ ಮೂರು ಹೆಸರು. ನೋಂದಣಿಯಲ್ಲಿ ಪ್ಯಾನ್‌ನಲ್ಲಿ ಇದ್ದ ಹಾಗೆ, ಅಕ್ಷರಕ್ಕೆ ಅಕ್ಷರ ಹೊಂದುವಂತೆ ಹೆಸರು ಹಾಕಿ. 'Sharanabasappa' ಅಂತ ಪ್ಯಾನ್‌ನಲ್ಲಿದ್ದರೆ ಇಲ್ಲಿ 'Sharanbasappa' ಅಂತ ಬರೆಯಬೇಡಿ. ಪರೀಕ್ಷೆಗೆ ಹೋದಾಗ ಗುರುತಿನ ಚೀಟಿಯಲ್ಲೂ ಇದನ್ನೇ ನೋಡುತ್ತಾರೆ.

ಪ್ಯಾನ್ ಇನ್ನೂ ಮಾಡಿಸಿಲ್ಲ, ವಯಸ್ಸು 18 ದಾಟಿದೆ, ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿದೆ ಅಂದರೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇ-ಪ್ಯಾನ್ ಉಚಿತವಾಗಿ ಸಿಗುತ್ತದೆ. ಆದರೆ ಅದು ಆಧಾರ್‌ನಲ್ಲಿರುವ ಹೆಸರನ್ನೇ ತೆಗೆದುಕೊಳ್ಳುತ್ತದೆ. ಹಾಗಾಗಿ ಆಧಾರ್‌ನಲ್ಲಿ ತಪ್ಪಿದ್ದರೆ ಅದನ್ನೇ ಮೊದಲು ಸರಿ ಮಾಡಿಸಿ.

ಪುಸ್ತಕ ಹೊಸದೋ ಹಳೆಯದೋ

ಈ ಪರೀಕ್ಷೆಗೆ ಒಂದೇ ಪುಸ್ತಕ ಸಾಕು. ಎನ್‌ಐಎಸ್‌ಎಂ ತನ್ನ ವೆಬ್‌ಸೈಟ್ `nism.ac.in`ನಲ್ಲಿ ಅದರ ಪಿಡಿಎಫ್ ಕೊಡುತ್ತದೆ. ಇದಕ್ಕೆ ಅಂತ ಸಾವಿರಾರು ರೂಪಾಯಿ ಕೊಟ್ಟು ಕೋಚಿಂಗ್‌ಗೆ ಹೋಗುವ ಅಗತ್ಯ ನನಗಂತೂ ಕಾಣುವುದಿಲ್ಲ.

ಎಚ್ಚರ ಬೇಕಿರುವುದು ಹಳೆಯ ಪ್ರತಿಯ ವಿಷಯದಲ್ಲಿ. ಸೀನಿಯರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಿಡಿಎಫ್, ಝೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿ ಇಟ್ಟಿರುವ ಪ್ರತಿ, ಎರಡನ್ನೂ ನಂಬಬೇಡಿ. ಹಳೆಯದು ಅಂತ ಗೊತ್ತಾಗಲು ತೆರಿಗೆಯ ಅಧ್ಯಾಯ ತೆರೆದು ನೋಡಿ. ಷೇರುಗಳಲ್ಲಿ ಹಣ ಹಾಕುವ ಈಕ್ವಿಟಿ ಫಂಡ್‌ನ ದೀರ್ಘಾವಧಿ ಲಾಭಕ್ಕೆ 1 ಲಕ್ಷ ರೂಪಾಯಿವರೆಗೆ ವಿನಾಯಿತಿ, ಅದರ ಮೇಲೆ ಶೇ 10 ತೆರಿಗೆ ಅಂತ ಬರೆದಿದ್ದರೆ ಅದು ಹಳೆಯ ಪುಸ್ತಕ. 2024ರ ಜುಲೈ ಬಜೆಟ್‌ನಲ್ಲಿ ಇದು 1.25 ಲಕ್ಷ ಮತ್ತು ಶೇ 12.5 ಆಯಿತು. ಅಲ್ಪಾವಧಿ ಲಾಭದ ತೆರಿಗೆ ಶೇ 15ರಿಂದ 20ಕ್ಕೆ ಏರಿತು. ಹಳೆಯ ಪುಸ್ತಕ ಓದಿದವರು ಚೆನ್ನಾಗಿ ಓದಿಯೂ ತಪ್ಪು ಉತ್ತರ ಒತ್ತಿ ಬರುತ್ತಾರೆ. ನೋಂದಣಿ ಮಾಡುವ ದಿನ ಸೈಟಿನಲ್ಲಿ ಯಾವ ಆವೃತ್ತಿ ಇದೆಯೋ ಅದನ್ನೇ ಇಳಿಸಿಕೊಳ್ಳಿ.

ಲೆಕ್ಕವನ್ನು ಕೈಯಲ್ಲೇ ಮಾಡಿ

ಪರೀಕ್ಷೆಯಲ್ಲಿ 100 ಅಂಕ, ಎರಡು ಗಂಟೆ. ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಪಾಸಾಗಲು 50 ಬೇಕು. ತಪ್ಪಿಗೆ ಅಂಕ ಕಡಿತ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಎರಡು ತಿಂಗಳು ಸಾಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ, ಅರ್ಥವನ್ನು ಮಾತ್ರ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಸಂದರ್ಶನದಲ್ಲಿ ಕೇಳುವುದೂ ಆ ಪದಗಳನ್ನೇ.

ಕಾನೂನು, ಸಂಸ್ಥೆಗಳ ರಚನೆ ಇವೆಲ್ಲ ಓದಿದರೆ ನೆನಪಿರುತ್ತದೆ. ಅಂಕ ಸೋರುವುದು ಎನ್‌ಎವಿ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆಯ ಲೆಕ್ಕದಲ್ಲಿ. ಒಂದನ್ನು ಮಾಡಿಯೇ ನೋಡೋಣ.

ಒಂದು ಸ್ಕೀಮ್ ಬಳಿ ಇರುವ ಷೇರುಗಳ ಮಾರುಕಟ್ಟೆ ಬೆಲೆ 98 ಕೋಟಿ. ಬರಬೇಕಾದ ಡಿವಿಡೆಂಡ್ ಮತ್ತು ನಗದು 3 ಕೋಟಿ. ಕೊಡಬೇಕಾದ ಖರ್ಚು 1 ಕೋಟಿ. ಹೂಡಿಕೆದಾರರ ಕೈಯಲ್ಲಿರುವ ಯೂನಿಟ್ 5 ಕೋಟಿ. 98ಕ್ಕೆ 3 ಕೂಡಿಸಿ 1 ಕಳೆದರೆ 100 ಕೋಟಿ. ಅದನ್ನು 5 ಕೋಟಿಯಿಂದ ಭಾಗಿಸಿದರೆ ಒಂದು ಯೂನಿಟ್‌ಗೆ 20 ರೂಪಾಯಿ. ಇದೇ ಎನ್‌ಎವಿ. ಷೇರನ್ನು ಕೊಂಡ ಬೆಲೆಯನ್ನೂ ಪ್ರಶ್ನೆಯಲ್ಲಿ ಕೊಟ್ಟಿದ್ದರೆ ಗಾಬರಿಯಾಗಬೇಡಿ. ಇಲ್ಲಿ ಬೇಕಾಗುವುದು ಇವತ್ತಿನ ಬೆಲೆ ಮಾತ್ರ.

ಈಗ ಒಬ್ಬರು 1,000 ಯೂನಿಟ್ ವಾಪಸ್ ಮಾರುತ್ತಾರೆ, ಹಾಗೆ ಮಾರುವಾಗ ಕತ್ತರಿಸುವ ಎಕ್ಸಿಟ್ ಲೋಡ್ ಶೇ 1 ಅಂದುಕೊಳ್ಳಿ. 20 ರೂಪಾಯಿಯಲ್ಲಿ ಶೇ 1 ಅಂದರೆ 20 ಪೈಸೆ. ಅವರಿಗೆ ಯೂನಿಟ್‌ಗೆ 19.80ರಂತೆ 19,800 ರೂಪಾಯಿ ಸಿಗುತ್ತದೆ. ಕೊಳ್ಳುವಾಗ ಎಷ್ಟು ಲೋಡ್ ಅಂತ ಕೇಳಿದರೆ ಏನೂ ಇಲ್ಲ. ಎಂಟ್ರಿ ಲೋಡ್ ಅನ್ನು ಸೆಬಿ 2009ರ ಆಗಸ್ಟ್‌ನಲ್ಲೇ ತೆಗೆದುಹಾಕಿದೆ.

ಎಸ್‌ಐಪಿ ಲೆಕ್ಕದಲ್ಲೂ ಒಂದು ಗೊಂದಲ ಆಗುತ್ತದೆ. ತಿಂಗಳಿಗೆ 1,000 ರೂಪಾಯಿಯಂತೆ ಮೂರು ತಿಂಗಳು ಹಾಕಿದರು. ಎನ್‌ಎವಿ ಕ್ರಮವಾಗಿ 20, 25, 16 ಇತ್ತು. ಸಿಕ್ಕ ಯೂನಿಟ್ 50, 40 ಮತ್ತು 62.5, ಒಟ್ಟು 152.5. ಅಂದರೆ 3,000 ರೂಪಾಯಿಯನ್ನು 152.5ರಿಂದ ಭಾಗಿಸಬೇಕು. ಯೂನಿಟ್‌ಗೆ ಸುಮಾರು 19.67 ಬಿತ್ತು. ತುಂಬ ಜನ ಮೂರು ಎನ್‌ಎವಿ ಕೂಡಿಸಿ ಮೂರರಿಂದ ಭಾಗಿಸಿ 20.33 ಅಂತ ಒತ್ತುತ್ತಾರೆ. ಆಯ್ಕೆಗಳಲ್ಲಿ ಅದೂ ಇದ್ದರೆ ಸರಿ ಅಂತಲೇ ಅನಿಸಿಬಿಡುತ್ತದೆ.

ನೋಂದಣಿ ಮತ್ತು ಪರೀಕ್ಷೆಯ ದಿನ

ಎನ್‌ಐಎಸ್‌ಎಂ ಪೋರ್ಟಲ್‌ನಲ್ಲಿ ಖಾತೆ ತೆರೆದು, ಫೋಟೊ ಮತ್ತು ಪ್ಯಾನ್ ಹಾಕಿ, ಪರೀಕ್ಷೆ ಆರಿಸಿ ಹಣ ಕಟ್ಟಬೇಕು. ಶುಲ್ಕ ಸುಮಾರು 1,500 ರೂಪಾಯಿ. ಫೇಲಾದರೆ ಮತ್ತೆ ಪೂರ್ತಿ ಕಟ್ಟಬೇಕು. ಆರಿಸುವಾಗ `V-A` ಅನ್ನುವುದನ್ನು ಎರಡು ಸಲ ಓದಿ. ಪಕ್ಕದಲ್ಲೇ `V-B` ಅಂತ ಫೌಂಡೇಶನ್ ಪರೀಕ್ಷೆ ಇರುತ್ತದೆ. ಅದು ಸುಲಭ, ಆದರೆ ಅದರಿಂದ ಕೆಲವು ಸರಳ ಸ್ಕೀಮ್‌ಗಳನ್ನು ಮಾತ್ರ ಮಾರಬಹುದು. ಬ್ಯಾಂಕಿಗೆ ಬೇಕಾಗಿರುವುದು ಅದಲ್ಲ.

ಹಣ ಕಟ್ಟುವ ಮುಂಚೆ ಕೇಂದ್ರಗಳ ಪಟ್ಟಿ, ಖಾಲಿ ಇರುವ ದಿನ ಎರಡನ್ನೂ ನೋಡಿ. ಹತ್ತಿರದಲ್ಲಿ ಸೀಟ್ ಸಿಗದಿದ್ದರೆ ಬೀದರ್‌ನವರಿಗೆ ಹೈದರಾಬಾದ್, ಕಲಬುರಗಿಯವರಿಗೆ ಸೊಲ್ಲಾಪುರ ಅಥವಾ ಹೈದರಾಬಾದ್ ಅನುಕೂಲ. ಬೆಳಗಿನ ಸ್ಲಾಟ್ ತೆಗೆದುಕೊಂಡು ಅದೇ ದಿನ ಬೆಳಗ್ಗೆ ರೈಲು ಹತ್ತುವ ಸಾಹಸ ಬೇಡ. ಮಧ್ಯಾಹ್ನದ ಸ್ಲಾಟ್ ಆರಿಸಿ. ಮೂಲ ಪ್ಯಾನ್ ಕಾರ್ಡ್ ಮತ್ತು ಪ್ರವೇಶ ಪತ್ರ ಜೊತೆಗಿರಲಿ. ಪರೀಕ್ಷೆ ಮುಗಿದ ಕೂಡಲೇ ಪರದೆಯ ಮೇಲೆ ಅಂಕ ಕಾಣುತ್ತದೆ.

ಯಾವಾಗ ಬರೆಯಬೇಕು? ಸರ್ಟಿಫಿಕೇಟ್‌ಗೆ ಮೂರು ವರ್ಷ ಮಾತ್ರ ಬೆಲೆ. ಮೊದಲ ವರ್ಷದಲ್ಲೇ ಬರೆದರೆ ಕೆಲಸ ಸಿಗುವ ಹೊತ್ತಿಗೆ ಅವಧಿ ಮುಗಿಯಲು ಬಂದಿರುತ್ತದೆ. ಕೊನೆ ವರ್ಷದ ಐದನೇ ಸೆಮಿಸ್ಟರ್‌ನಲ್ಲಿ, ದೀಪಾವಳಿಯ ಆಸುಪಾಸು ಬರೆಯುವುದು ಒಳ್ಳೆಯದು. ಆಗ ಒಂದು ಸಲ ಫೇಲಾದರೂ ಕ್ಯಾಂಪಸ್ ಶುರುವಾಗುವ ಮುಂಚೆ ಮತ್ತೊಮ್ಮೆ ಬರೆಯಲು ಸಮಯ ಇರುತ್ತದೆ.

ಸಂದರ್ಶನದಲ್ಲಿ ಬಳಸುವುದು ಹೇಗೆ

ರೆಸ್ಯೂಮೆಯಲ್ಲಿ ಪರೀಕ್ಷೆಯ ಪೂರ್ತಿ ಹೆಸರು, ಅಂಕ, ಪಾಸಾದ ತಿಂಗಳು, ಅವಧಿ ಮುಗಿಯುವ ದಿನ ಇಷ್ಟೇ ಬರೆಯಿರಿ. 'ಸೆಬಿ ಪ್ರಮಾಣಿತ ಹೂಡಿಕೆ ಸಲಹೆಗಾರ' ಅಂತ ಬರೆಯಬೇಡಿ. ಹೂಡಿಕೆ ಸಲಹೆಗಾರರ ಪರೀಕ್ಷೆಗಳೇ ಬೇರೆ, ನೋಂದಣಿಯೂ ಬೇರೆ. ಗೊತ್ತಿರುವವರು ಆ ಒಂದು ಸಾಲು ನೋಡಿಯೇ ನಿಮ್ಮ ಮಾತನ್ನು ಅನುಮಾನಿಸುತ್ತಾರೆ.

ಮುಂದಿನ ಪ್ರಶ್ನೆ ಹೀಗೆ ಬರಬಹುದು: 'ತೊಗರಿ ಮಾರಿದ ರೈತರೊಬ್ಬರು ಬ್ಯಾಂಕಿಗೆ ಬಂದಿದ್ದಾರೆ. ಜನವರಿಯಲ್ಲಿ 50,000 ರೂಪಾಯಿ ಕೈಗೆ ಬಂದಿದೆ. ಏನು ಹೇಳುತ್ತೀರಿ?'

ಶಹಾಪುರದ ಕಡೆಯ ವಿದ್ಯಾರ್ಥಿನಿಯೊಬ್ಬಳು ಇದಕ್ಕೆ ಹೇಗೆ ಉತ್ತರ ಕೊಡಬೇಕು ನೋಡಿ. ಫಂಡ್‌ನ ಹೆಸರು ಹೇಳುವ ಅವಸರ ಬೇಡ. 'ಕಾಕಾ, ಈ ರೊಕ್ಕ ನಿಮಗ ಮತ್ತ ಯಾವಾಗ ಬೇಕಾಗ್ತದ?' ಅಂತ ಮೊದಲು ಕೇಳುತ್ತೇನೆ ಅನ್ನಬೇಕು. ಜೂನ್‌ನಲ್ಲಿ ಬೀಜ, ಗೊಬ್ಬರಕ್ಕೆ ಬೇಕು ಅಂದರೆ ಇರುವುದು ಐದೇ ತಿಂಗಳು. ಇಷ್ಟು ಕಡಿಮೆ ಸಮಯಕ್ಕೆ ಈಕ್ವಿಟಿ ಫಂಡ್ ಹೇಳುವುದು ತಪ್ಪು, ಬಿತ್ತನೆ ಹೊತ್ತಿಗೆ ಮಾರುಕಟ್ಟೆ ಬಿದ್ದಿರಬಹುದು. ಲಿಕ್ವಿಡ್ ಫಂಡ್ ಹೊಂದುತ್ತದೆ. ಅದು 91 ದಿನದೊಳಗೆ ತೀರುವ ಸಾಲಪತ್ರಗಳಲ್ಲಿ ಮಾತ್ರ ಹಣ ಹಾಕುತ್ತದೆ. ಮೊದಲ ಆರು ದಿನದಲ್ಲಿ ತೆಗೆದರೆ ಮಾತ್ರ ಸಣ್ಣ ಎಕ್ಸಿಟ್ ಲೋಡ್ ಬೀಳುತ್ತದೆ. ಜೊತೆಗೆ ಸ್ಕೀಮ್‌ನಲ್ಲಿ ಅಪಾಯ ಎಷ್ಟು ಅಂತ ತಿಳಿಸುವ ರಿಸ್ಕೋಮೀಟರ್ ತೋರಿಸುತ್ತೇನೆ, ಇದು ಎಫ್‌ಡಿ ಅಲ್ಲ, ಲಾಭಕ್ಕೆ ಗ್ಯಾರಂಟಿ ಇಲ್ಲ ಅಂತಲೂ ಹೇಳುತ್ತೇನೆ ಅನ್ನಬೇಕು. ಈ ಕೊನೆಯ ಮಾತನ್ನು ಮಾರಾಟ ಕೆಡುತ್ತದೆ ಅಂತ ಹೆದರಿ ಬಿಡುವವರಿದ್ದಾರೆ. ಬಿಡಬೇಡಿ. ಪುಸ್ತಕದಲ್ಲಿ ಓದಿದ್ದನ್ನು ಎದುರಿಗಿರುವ ಮನುಷ್ಯನಿಗೆ ಹೊಂದಿಸಿ ಹೇಳಲು ಬರುತ್ತದೆಯೇ ಅನ್ನುವುದು ಗೊತ್ತಾಗುವುದೇ ಇಲ್ಲಿ.

ಈ ಸರ್ಟಿಫಿಕೇಟ್ ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಸರ್ಕಾರಿ ಬ್ಯಾಂಕಿನ ಹುದ್ದೆಗೆ ಹೆಚ್ಚಾಗಿ ಐಬಿಪಿಎಸ್ ಪರೀಕ್ಷೆಯೇ ದಾರಿ, ಅಲ್ಲಿ ಇದಕ್ಕೆ ಹೆಚ್ಚಿನ ಅಂಕ ಇಲ್ಲ. ಜೆಎಐಐಬಿ ಪರೀಕ್ಷೆ ಬರೆಯಿರಿ ಅಂತ ಯಾರಾದರೂ ಹೇಳಿದರೆ ಅದು ಬ್ಯಾಂಕಿನಲ್ಲಿ ಈಗಾಗಲೇ ಕೆಲಸ ಮಾಡುವವರಿಗೆ ಇರುವುದು, ವಿದ್ಯಾರ್ಥಿಗಳಿಗಲ್ಲ. ಮಾರಾಟದ ಕೆಲಸ ಬೇಡ, ಕಂಪ್ಯೂಟರ್ ಮುಂದೆ ಕೂತು ಹೂಡಿಕೆದಾರರ ಲೆಕ್ಕಪತ್ರ ನೋಡುವ ಕೆಲಸ ಬೇಕು ಅನ್ನುವವರು ಹೈದರಾಬಾದ್‌ನಲ್ಲಿ ಮುಖ್ಯ ಕಚೇರಿ ಇರುವ ಕೆಫಿನ್ ಟೆಕ್ನಾಲಜೀಸ್‌ನಂಥ ರಿಜಿಸ್ಟ್ರಾರ್ ಕಂಪನಿಗಳ ಕಡೆ ನೋಡಬಹುದು. ಅಂಥವರು `V-A` ಬದಲು `NISM-Series-II-B` ಪರೀಕ್ಷೆ ಆರಿಸಿಕೊಳ್ಳಲಿ. ನೋಂದಣಿಯ ಕ್ರಮ ಅದಕ್ಕೂ ಇದೇ.