ನಾಲ್ಕು ಬ್ಲಾಕ್‌ಗಳ ಮೋಟಾರು

ಕಂಟ್ರೋಲ್ ಸಿಸ್ಟಮ್ಸ್ ಮೊದಲ ಸಲ ಓದುವವರಿಗೆ ನಾನು ಬ್ಲಾಕ್ ಡಯಾಗ್ರಾಮ್ ರಿಡಕ್ಷನ್ ನಿಯಮಗಳ ಪಟ್ಟಿ ಇರುವ ಸ್ಲೈಡನ್ನು ತೋರಿಸುವುದೇ ಇಲ್ಲ. G1, G2, H1 ಅಂತ ಹೆಸರಿಟ್ಟ ಬ್ಲಾಕ್‌ಗಳನ್ನು ಎಷ್ಟು ಸೇರಿಸಿದರೂ ಅದು ಯಾವ ಯಂತ್ರ ಅಂತ ಗೊತ್ತಾಗುವುದಿಲ್ಲ. ಉತ್ತರ ತಪ್ಪಾದರೆ ಅದೂ ಗೊತ್ತಾಗುವುದಿಲ್ಲ. ಹಾಗಾಗಿ ಇಡೀ ಪಾಠವನ್ನು ಒಂದು ಚಿಕ್ಕ 12 ವೋಲ್ಟ್ ಡಿಸಿ ಮೋಟಾರಿನ ಮೇಲೆ ಕಟ್ಟಿದ್ದೇನೆ.

ಮೊದಲ ಸ್ಲೈಡ್ s ನಿಂದ ಶುರುವಾಗುವುದಿಲ್ಲ. ಮೊದಲು ಬರೀ ಬಾಣಗಳು, ಬಾಣದ ಮೇಲೆ ಅದು ಏನನ್ನು ಹೊತ್ತುಕೊಂಡು ಹೋಗುತ್ತಿದೆ ಅನ್ನುವುದು: ವೋಲ್ಟೇಜ್, ಕರೆಂಟ್, ಟಾರ್ಕ್, ವೇಗ. ಪಕ್ಕದಲ್ಲೇ ಯೂನಿಟ್. ಬ್ಲಾಕ್ ಅಂದರೆ ಒಂದು ಯೂನಿಟ್ಟನ್ನು ಇನ್ನೊಂದಕ್ಕೆ ಬದಲಾಯಿಸುವ ಜಾಗ, ಅಷ್ಟೇ. ಆರ್ಮೇಚರ್ ರೆಸಿಸ್ಟೆನ್ಸ್ 2 ಓಮ್, ಆದ್ದರಿಂದ 1/2 ಅನ್ನುವ ಬ್ಲಾಕ್ ವೋಲ್ಟನ್ನು ಆಂಪಿಯರ್ ಮಾಡುತ್ತದೆ. ಮುಂದಿನ 0.1 ಆಂಪಿಯರನ್ನು ಟಾರ್ಕ್ ಮಾಡುತ್ತದೆ. ಮೂರನೆಯದು 1/(0.01s): ಟಾರ್ಕ್ ಇರುವಷ್ಟು ಹೊತ್ತೂ ವೇಗ ಕೂಡುತ್ತಾ ಹೋಗುತ್ತದೆ, 1/s ಹೇಳುವುದು ಅದನ್ನೇ. ಕೆಳಗೆ ವಾಪಸ್ ಬರುವ ದಾರಿಯಲ್ಲಿ ಬ್ಯಾಕ್ ಇಎಂಎಫ್‌ನ 0.1, ವೇಗವನ್ನು ಮತ್ತೆ ವೋಲ್ಟ್ ಮಾಡಲು. ಸಮ್ಮಿಂಗ್ ಪಾಯಿಂಟಿನಲ್ಲಿ ವೋಲ್ಟಿನಿಂದ ವೋಲ್ಟನ್ನೇ ಕಳೆಯಬೇಕಲ್ವಾ? ಯಾರಾದರೂ ಆ ಬ್ಲಾಕ್ ಬಿಟ್ಟು ಗೆರೆ ಎಳೆದರೆ ಯೂನಿಟ್ಟೇ ಹೇಳಿಬಿಡುತ್ತದೆ. ಘರ್ಷಣೆ, ಕಾಯಿಲಿನ ಇಂಡಕ್ಟೆನ್ಸ್ ಎರಡನ್ನೂ ಬಿಟ್ಟಿದ್ದೇನೆ ಅಂತ ಅಲ್ಲೇ ಬರೆದಿರುತ್ತೇನೆ.

ಎರಡನೇ ಸ್ಲೈಡ್ ಮೊದಲನೆಯದರ ನಕಲು. ಸಮ್ಮಿಂಗ್ ಪಾಯಿಂಟ್ ಇದ್ದ ಜಾಗದಲ್ಲೇ ಇರಬೇಕು, ಕೂದಲೆಳೆಯಷ್ಟೂ ಸರಿಯಬಾರದು. ಸ್ಲೈಡ್ ಬದಲಾದಾಗ ಬದಲಾದದ್ದು ಮಾತ್ರ ಕಣ್ಣಿಗೆ ಬೀಳಬೇಕು. ಮೇಲಿನ ಮೂರು ಬ್ಲಾಕ್‌ಗಳ ಜಾಗದಲ್ಲಿ ಈಗ ಒಂದೇ ಬ್ಲಾಕ್, 5/s. ಮಿಕ್ಕಿದ್ದೆಲ್ಲ ಬೂದು ಬಣ್ಣ.

ಮೂರನೆಯದರಲ್ಲಿ G/(1+GH) ಸೂತ್ರ ಬರೆಯುವುದಿಲ್ಲ. ಎರಡು ಸಾಲು ಸಾಕು. V ಕೊಟ್ಟ ವೋಲ್ಟೇಜ್, ω ವೇಗ, e ಸಮ್ಮಿಂಗ್ ಪಾಯಿಂಟಿನಲ್ಲಿ ಕಳೆದು ಉಳಿದ ವೋಲ್ಟೇಜ್:

```
e = V − 0.1ω
ω = (5/s) e
```

e ಯನ್ನು ಕೆಳಗಿನ ಸಾಲಿಗೆ ಹಾಕಿ, s ನಿಂದ ಗುಣಿಸಿದರೆ `(s + 0.5) ω = 5V`. ಅಂದರೆ `ω/V = 10/(2s + 1)`. ಕಳೆಯುವ ಚಿಹ್ನೆ ಕೆಳಗೆ ಹೋಗಿ ಪ್ಲಸ್ ಹೇಗಾಯಿತು ಅಂತ ಆಮೇಲೆ ಯಾರೂ ಕೇಳುವುದಿಲ್ಲ, ಕಣ್ಣೆದುರೇ ಆಗಿರುತ್ತದೆ.

ಇಲ್ಲಿಗೆ ಬಂದ ಮೇಲೆ ಉತ್ತರವನ್ನು ಮೋಟಾರಿನ ಹತ್ತಿರವೇ ಕೇಳಿಸುತ್ತೇನೆ. s ಜಾಗದಲ್ಲಿ 0 ಹಾಕಿದರೆ 10. 12 ವೋಲ್ಟ್ ಕೊಟ್ಟರೆ ಕೊನೆಗೆ ನಿಲ್ಲುವ ವೇಗ ಸೆಕೆಂಡಿಗೆ 120 ರೇಡಿಯನ್, ಹೆಚ್ಚುಕಡಿಮೆ 1146 ಆರ್‌ಪಿಎಂ. ಆ ವೇಗದಲ್ಲಿ ಬ್ಯಾಕ್ ಇಎಂಎಫ್ ಎಷ್ಟು? 0.1 × 120, ಸರಿಯಾಗಿ 12 ವೋಲ್ಟ್. ಘರ್ಷಣೆ ಇಲ್ಲದ ಮೋಟಾರಿನ ವೇಗ ಅಲ್ಲಿಯೇ ನಿಲ್ಲಬೇಕು, ಇನ್ನು ಕರೆಂಟ್ ಎಳೆಯುವ ಅಗತ್ಯವೇ ಇಲ್ಲ. s ನ ಪಕ್ಕದ 2 ಟೈಮ್ ಕಾನ್‌ಸ್ಟಂಟ್: 2 ಸೆಕೆಂಡಿಗೆ ವೇಗ ಶೇ 63ರಷ್ಟು, ಅಂದರೆ ಸುಮಾರು 76ಕ್ಕೆ ಬಂದಿರುತ್ತದೆ. ಚಿಹ್ನೆ ತಪ್ಪಿ `5/(s − 0.5)` ಬರೆದವರಿಗೆ 0 ಹಾಕಿದಾಗ −10 ಬರುತ್ತದೆ, ಪ್ಲಸ್ ವೋಲ್ಟೇಜಿಗೆ ಮೈನಸ್ ವೇಗ! ಅಷ್ಟು ಹೊತ್ತಿಗೆ ತಪ್ಪು ಗೊತ್ತಾಗಿರುತ್ತದೆ. ಹಾಗಂತ 12 ವೋಲ್ಟಿಗೆ ಬರುವ ಆ −120ಕ್ಕೆ ಅರ್ಥವೇನೂ ಇಲ್ಲ. ಅಂಥ ಸಿಸ್ಟಮ್ಮಿನಲ್ಲಿ ವೇಗ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಸೊನ್ನೆ ಹಾಕಿ ಕೊನೆಯ ವೇಗ ಓದುವುದು ಒಂದು ಕಡೆ ಬಂದು ನಿಲ್ಲುವ ಸಿಸ್ಟಮ್ಮಿಗೆ ಮಾತ್ರ ನಡೆಯುತ್ತದೆ.

ಟೇಕ್-ಆಫ್ ಪಾಯಿಂಟ್, ಅಂದರೆ ಬಾಣದಿಂದ ಕವಲು ತೆಗೆಯುವ ಜಾಗ, ಅದನ್ನು ಸರಿಸುವುದನ್ನೂ ಇದೇ ಚಿತ್ರದಲ್ಲಿ ಮುಗಿಸುತ್ತೇನೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ಸರ್, ಇದರಲ್ಲಿ ಕರೆಂಟ್ ಎಲ್ಲಿ ಹೋಯ್ತು?" ಒಳ್ಳೆಯ ಪ್ರಶ್ನೆ. ಮೂರನ್ನು ಸೇರಿಸಿ ಒಂದು ಮಾಡಿದಾಗ ಕರೆಂಟಿನ ಬಾಣವೇ ಒಳಗೆ ಮುಚ್ಚಿಹೋಯಿತು. ಹಾಗಾಗಿ ಸೇರಿಸುವ ಮೊದಲೇ ಕರೆಂಟಿನ ಟೇಕ್-ಆಫನ್ನು ಮುಂದೆ ಸರಿಸಿ, ವೇಗದ ಬಾಣಕ್ಕೆ ಹಚ್ಚಬೇಕು. ಆದರೆ ಅಲ್ಲಿ ಸಿಗುವುದು ವೇಗ, ನಮಗೆ ಬೇಕಾದದ್ದು ಆಂಪಿಯರ್. ನಡುವೆ ದಾಟಿ ಬಂದದ್ದು 0.1/(0.01s), ಅಂದರೆ 10/s. ಅದನ್ನು ತಲೆಕೆಳಗು ಮಾಡಿ, 0.1s ಅನ್ನುವ ಬ್ಲಾಕನ್ನು ಆ ಕವಲಿನಲ್ಲಿ ಇಟ್ಟರೆ ಕರೆಂಟ್ ವಾಪಸ್ ಬರುತ್ತದೆ: `I/V = s/(2s + 1)`.

ಇದನ್ನೂ ಪರೀಕ್ಷಿಸಿ ನೋಡಬಹುದು. s ಗೆ 0 ಹಾಕಿದರೆ ಕರೆಂಟ್ ಸೊನ್ನೆ, ಮೇಲೆ ಹೇಳಿದ ಹಾಗೆಯೇ. s ತುಂಬಾ ದೊಡ್ಡದಾದರೆ 1/2, ಅಂದರೆ ಸ್ವಿಚ್ ಹಾಕಿದ ಕ್ಷಣದಲ್ಲಿ 6 ಆಂಪಿಯರ್. ಮೋಟಾರು ಇನ್ನೂ ತಿರುಗಿಲ್ಲ, ತಡೆಯಲು ಬರೀ 2 ಓಮ್ ಇದೆ. ವೇಗದ ಟ್ರಾನ್ಸ್‌ಫರ್ ಫಂಕ್ಷನ್ ಒಂದನ್ನೇ ನೋಡಿ 3 ಆಂಪಿಯರಿನ ಡ್ರೈವರ್ ತಂದರೆ ಅದು ಸುಡುವುದು ಇಲ್ಲೇ. ಅದಕ್ಕೇ ಕೊನೆಯ ಸ್ಲೈಡಿನ ಮೂಲೆಯಲ್ಲಿ ನಾಲ್ಕು ಬ್ಲಾಕ್‌ಗಳ ಹಳೆಯ ಚಿತ್ರವನ್ನು ಚಿಕ್ಕದಾಗಿ ಉಳಿಸಿಕೊಂಡಿರುತ್ತೇನೆ.